ಮಧ್ಯಾಹ್ನಕ್ಕೇ ಹಾರುವ ಸುಗಂಧ: ದೋಷ ಸೀಸೆಯದೋ, ಚರ್ಮದ್ದೋ?

ಬೆಳಿಗ್ಗೆ ರಾಯಬಾಗದಲ್ಲಿ ಸ್ನಾನ ಮುಗಿಸಿ, ಬಸ್ಸಿನಲ್ಲಿ ಚಿಕ್ಕೋಡಿಗೆ ಬಂದು, ಸಂಜೆ ನಿಪ್ಪಾಣಿಯ ಆರತಕ್ಷತೆಗೆ ಹೋಗಬೇಕಾದ ಗ್ರಾಹಕನೊಬ್ಬನನ್ನು ಊಹಿಸಿಕೊಳ್ಳಬಹುದು. ಆತ ಹಾಕಿಕೊಂಡ ಸೆಂಟು ಊಟದ ಹೊತ್ತಿಗೇ ಮಾಯವಾದರೆ ಮರುದಿನ ಅಂಗಡಿಯ ಕಟ್ಟೆಗೆ ಬಂದು ಆಡುವ ಮಾತು ಒಂದೇ: "ಸೆಂಟ್ ಡುಪ್ಲಿಕೇಟ್ ಐತ್ರಿ, ವಾಪಸ್ ತಗೋರಿ." ನಕಲಿ ಮಾಲು ಇಲ್ಲವೆಂದಲ್ಲ. ಆದರೆ ಅಸಲಿ ಮಾಲೂ ಒಣಗಿದ ಚರ್ಮದ ಮೇಲೆ ಬೇಗ ಸೋಲುತ್ತದೆ ಎಂಬುದನ್ನು ವ್ಯಾಪಾರಿಯು ತಿಳಿದಿರಬೇಕು. ಮಾರ್ಚ್‌ನಿಂದ ಮೇ ತನಕ ಅಥಣಿ, ಕಾಗವಾಡದ ಕಡೆ ಬೀಸುವ ಒಣಗಾಳಿಯಲ್ಲಿ ಈ ದೋಷ ಹೆಚ್ಚು ಕಾಣಿಸಿಕೊಳ್ಳುತ್ತದೆ.

ಸಿಂಪಡಿಸುವ ಸೆಂಟಿನಲ್ಲಿ ಬಹುಪಾಲು ಇರುವುದು ಆಲ್ಕೋಹಾಲ್. ಅದು ಕೆಲವೇ ಕ್ಷಣಗಳಲ್ಲಿ ಆರಿಹೋಗಿ ಸುಗಂಧದ ಅಂಶವನ್ನು ಚರ್ಮದ ಮೇಲೆ ಬಿಡುತ್ತದೆ. ಅಲ್ಲಿ ಜಿಡ್ಡಿನ ತೆಳು ಪದರವಿದ್ದರೆ ಸುಗಂಧದ ಅಂಶವು ಅದರಲ್ಲಿ ಕರಗಿ ನಿಧಾನವಾಗಿ ಹೊರಬರುತ್ತದೆ. ನಮ್ಮ ಹಿರಿಯರು ಬಳಸಿದ ಅತ್ತರಿನ ಗುಟ್ಟೂ ಇದೇ ಆಗಿತ್ತು. ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಪರಿಮಳವನ್ನು ಗಂಧದೆಣ್ಣೆಯಲ್ಲಿ ಇಳಿಸುತ್ತಿದ್ದರು. 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಕಾರ್ಖಾನೆ ತಯಾರಿಸತೊಡಗಿದ ಗಂಧದೆಣ್ಣೆಗೆ ಹೊರದೇಶಗಳ ಸುಗಂಧ ತಯಾರಕರಲ್ಲಿ ಬೇಡಿಕೆ ಬಂದದ್ದು ಅದರ ವಾಸನೆಗಷ್ಟೇ ಅಲ್ಲ, ಇತರ ಪರಿಮಳಗಳನ್ನು ಹಿಡಿದಿಡುವ ಗುಣಕ್ಕೂ ಹೌದು. ಇಂದು ಆ ಕೆಲಸವನ್ನು ವಾಸನೆಯಿಲ್ಲದ ಲೋಷನ್ ಮತ್ತು ಮೈಯೆಣ್ಣೆಯಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಸ್ನಾನದ ನಂತರ ಮೈಯನ್ನು ತಿಕ್ಕದೆ, ಟವೆಲಿನಿಂದ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ಹಸಿಯಾಗಿರುವಾಗಲೇ ಲೋಷನ್ ಹಚ್ಚಬೇಕು. ಐದು ನಿಮಿಷ ಬಿಟ್ಟು, ಸೆಂಟು ಹಾಕುವ ಜಾಗಗಳಿಗೆ, ಅಂದರೆ ಕುತ್ತಿಗೆಯ ಎರಡು ಬದಿ ಮತ್ತು ಎರಡೂ ಮಣಿಕಟ್ಟುಗಳಿಗೆ, ಒಟ್ಟು ಹತ್ತು ಹನಿ ಎಣ್ಣೆಯನ್ನು ಸವರಬೇಕು. ಕೈಯಿಂದ ಮುಟ್ಟಿದರೆ ಜಾರದಷ್ಟು ಅದು ಇಂಗಿದ ಮೇಲೆ, ಒಂದು ಗೇಣು ದೂರದಿಂದ ಪ್ರತಿ ಜಾಗಕ್ಕೆ ಒಂದು ಸಲ ಸಿಂಪಡಿಸಿದರೆ ಸಾಕು. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಬಾರದು. ಅತ್ತರನ್ನೇ ಬಳಸುವವರಿಗೆ ಎಣ್ಣೆಯ ಪದರ ಬೇಡ, ಲೋಷನ್ ಮಾತ್ರ ಸಾಕು.

ಕೆಡುವುದು ಹೆಚ್ಚಾಗಿ ಎಣ್ಣೆಯ ಆಯ್ಕೆಯಲ್ಲಿ. ಗಾಣದ ಶೇಂಗಾ ಎಣ್ಣೆ, ಎಳ್ಳೆಣ್ಣೆಗಳಿಗೆ ತಮ್ಮದೇ ವಾಸನೆಯಿದೆ, ಅದು ಸೆಂಟಿನೊಡನೆ ಜಗಳವಾಡುತ್ತದೆ. ಸಂಸ್ಕರಿಸಿದ ಕೊಬ್ಬರಿ ಎಣ್ಣೆ ಅಥವಾ ಲಿಕ್ವಿಡ್ ಪ್ಯಾರಾಫಿನ್ ಆಧಾರದ ಬೇಬಿ ಆಯಿಲ್‌ನ ಪರಿಮಳರಹಿತ ಬಗೆ ನಡೆಯುತ್ತದೆ. 'ಅನ್‌ಸೆಂಟೆಡ್' ಎಂಬ ಹಣೆಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಮೂಲ ವಾಸನೆಯನ್ನು ಮುಚ್ಚಲು ಪರಿಮಳ ಬೆರೆಸಿದ ಲೋಷನ್‌ಗೂ ಈ ಹೆಸರು ಇರುವುದುಂಟು. ಹಿಂಬದಿಯ ಪಟ್ಟಿಯಲ್ಲಿ 'ಪರ್ಫ್ಯೂಮ್' ಅಥವಾ 'ಫ್ರಾಗ್ರೆನ್ಸ್' ಎಂದಿದ್ದರೆ ಗಿರಾಕಿಗೆ ಅದನ್ನು ತೋರಿಸಿ ಹೇಳುವುದು ಒಳ್ಳೆಯದು. ಎಣ್ಣೆ ಹೆಚ್ಚಾದರೆ ಸುಗಂಧ ಒಳಗೇ ಉಳಿದು ಮಂದವಾಗುತ್ತದೆ, ಬಿಳಿ ಅಂಗಿಯ ಕಾಲರಿಗೆ ಕಲೆಯೂ ತಪ್ಪದು. ನಿಂಬೆ, ಕಿತ್ತಳೆಯಂತಹ ಹಗುರ ಪರಿಮಳವು ಏನು ಮಾಡಿದರೂ ಬಹಳ ಹೊತ್ತು ನಿಲ್ಲುವುದಿಲ್ಲ. ಉಳಿಯುವುದು ಗಂಧ, ವೆನಿಲಾದಂತಹ ಭಾರದ ಭಾಗ.

ಇನ್ನು ಲೆಕ್ಕ. ಒಂದು ಸಿಂಪಡಿಕೆಗೆ ಸುಮಾರು 0.1 ಮಿ.ಲೀ. ಎಂದು ಹಿಡಿಯೋಣ. 50 ಮಿ.ಲೀ. ಸೀಸೆಗೆ ಉದಾಹರಣೆಗಾಗಿ 600 ರೂಪಾಯಿ ಎಂದರೆ, ಬೆಳಿಗ್ಗೆ ನಾಲ್ಕು ಮತ್ತು ಮಧ್ಯಾಹ್ನ ನಾಲ್ಕು ಸಲ ಸಿಂಪಡಿಸುವವನಿಗೆ ದಿನಕ್ಕೆ 9.60 ರೂ. ಖರ್ಚು. ಬೆಳಗಿನ ನಾಲ್ಕರಲ್ಲೇ ದಿನ ಕಳೆದರೆ 4.80 ರೂ. ಆದರೆ 200 ಮಿ.ಲೀ.ಗೆ 200 ರೂಪಾಯಿಯ ಲೋಷನ್ನನ್ನು ಕೈತೋಳಿಗೆಲ್ಲ 5 ಮಿ.ಲೀ. ಹಚ್ಚಿ, 100 ಮಿ.ಲೀ.ಗೆ 150 ರೂಪಾಯಿಯ ಎಣ್ಣೆಯನ್ನು ಅರ್ಧ ಮಿ.ಲೀ. ಸೇರಿಸಿದರೆ ಒಟ್ಟು 10.55 ರೂ. ಆಗಿ ಉಳಿತಾಯದ ಬದಲು ನಷ್ಟವೇ! ಲೋಷನ್ನನ್ನು ಸೆಂಟು ಹಾಕುವ ನಾಲ್ಕು ಜಾಗಗಳಿಗೆ ಮಾತ್ರ 1 ಮಿ.ಲೀ. ಹಚ್ಚಿದರೆ ಖರ್ಚು 6.55 ರೂ.ಗೆ ಇಳಿಯುತ್ತದೆ. ಮೂರನ್ನೂ ಒಟ್ಟಿಗೆ ಮಾರುವ ಅಂಗಡಿಕಾರನು ಈ ವ್ಯತ್ಯಾಸವನ್ನು ಮುಚ್ಚಿಡಬಾರದು.

ದೂರು ತಂದವನಿಗೆ ವಾದಕ್ಕಿಂತ ಪರೀಕ್ಷೆ ಮೇಲು. ಅದೇ ಸೀಸೆಯಿಂದ ಬರಿಯ ಎಡಗೈಗೆ ಒಂದು, ಲೋಷನ್-ಎಣ್ಣೆ ಹಚ್ಚಿದ ಬಲಗೈಗೆ ಒಂದು ಸಲ ಸಿಂಪಡಿಸಿ, ಒಂದು, ಮೂರು, ಆರು ತಾಸಿನ ಬಳಿಕ ಮೂಸಿ ನೋಡಲು ಹೇಳಬೇಕು. ಮೂಸುವವರು ಬೇರೆಯವರಾಗಿರಬೇಕು. ನಿಪ್ಪಾಣಿಯ ತಂಬಾಕಿನ ಗೋದಾಮಿನಲ್ಲಿ ದಿನವಿಡೀ ಕೂತವರಿಗೆ ತಂಬಾಕಿನ ವಾಸನೆ ತಿಳಿಯದಂತೆ, ತನ್ನ ಮೈಯ ಸೆಂಟೂ ತನ್ನ ಮೂಗಿಗೆ ಬೇಗ ಮರೆತುಹೋಗುತ್ತದೆ. ಬಲಗೈಯಲ್ಲಿ ಮಾತ್ರ ಪರಿಮಳ ಉಳಿದಿದ್ದರೆ ಕೊರತೆ ಚರ್ಮದ್ದು. ಎರಡೂ ಕೈಗಳಲ್ಲಿ ಒಂದು ತಾಸಿನೊಳಗೇ ಏನೂ ಇಲ್ಲವಾದರೆ, ಅದು ಹಗುರ ಪರಿಮಳದ ಬಾಡಿ ಸ್ಪ್ರೇಯೂ ಅಲ್ಲವಾದರೆ, ಆ ಬ್ಯಾಚಿನ ಉಳಿದ ಸೀಸೆಗಳನ್ನು ಬದಿಗಿಟ್ಟು ಬಿಲ್ಲಿನೊಡನೆ ಸಗಟು ವ್ಯಾಪಾರಿಯನ್ನು ಕೇಳುವುದು ಯುಕ್ತ.