ಗುಂಡಿ ಮುಚ್ಚೋ ಮೊದಲೇ ಫೋಟೋ ತೆಗೀರಿ

ಗುಂಡಿಗೆ ಬೈಕ್ ಇಳಿದು ಕೈ ಮುರಿದರೆ ನಾವು ಹಣೆಬರಹ ಅಂತ ಸುಮ್ಮನಾಗ್ತೀವಿ. ಆದರೆ ಕೆಟ್ಟ ರಸ್ತೆಯಿಂದ ಗಾಯವಾದವರು ಆಗಿನ ಬಿಬಿಎಂಪಿಯಿಂದ ಪರಿಹಾರ ಕೇಳಬಹುದು ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಕಷ್ಟ ಇರೋದು ಸಾಕ್ಷಿಯಲ್ಲಿ.

ಮಳೆನೀರು ನಿಂತ ರಸ್ತೆಯಲ್ಲಿ ಗೆಳೆಯನೊಬ್ಬ ಮುಚ್ಚಳ ಇಲ್ಲದ ಮ್ಯಾನ್‌ಹೋಲ್‌ಗೆ ಬಿದ್ದು ಮಣಿಕಟ್ಟು ಮುರಿದುಕೊಂಡ ಅಂತಿಟ್ಟುಕೊಳ್ಳೋಣ. ಮರುದಿನವೇ ಯಾರಾದರೂ ಮುಚ್ಚಳ ಹಾಕಬಹುದು. ಆಮೇಲೆ ಅಲ್ಲಿ ಮ್ಯಾನ್‌ಹೋಲ್ ತೆರೆದಿತ್ತು ಅಂತ ತೋರಿಸೋದು ಹೇಗೆ? ಹಾಗಾಗಿ ಅವನನ್ನು ಆಸ್ಪತ್ರೆಗೆ ಕಳಿಸಿ, ನಮ್ಮಲ್ಲೊಬ್ಬರು ಅಲ್ಲೇ ನಿಂತು ಫೋಟೋ ತೆಗೀಬೇಕು. ಒಂದರಲ್ಲಿ ಮ್ಯಾನ್‌ಹೋಲ್ ಹತ್ತಿರದಿಂದ, ಇನ್ನೊಂದರಲ್ಲಿ ಪಕ್ಕದ ಅಂಗಡಿ ಬೋರ್ಡ್ ಜೊತೆ.

ಆಸ್ಪತ್ರೆಯಲ್ಲಿ ‘ಬೈಕಿಂದ ಬಿದ್ದ’ ಅಂತಷ್ಟೇ ಬರೆದರೆ ರಸ್ತೆಯ ತಪ್ಪು ದಾಖಲೆಯಲ್ಲೇ ಇರಲ್ಲ. ‘ತೆರೆದ ಮ್ಯಾನ್‌ಹೋಲ್‌ಗೆ ಬಿದ್ದ’ ಅಂತ ಜಾಗದ ಹೆಸರಿನ ಜೊತೆ ಬರೆಸಬೇಕು. ಪೊಲೀಸ್ ದೂರಿನಲ್ಲೂ ಅದೇ ಮಾತು, ಅದೇ ಸಮಯ ಇರಲಿ.

ಅರ್ಜಿ ಕೊಡೋ ಮೊದಲು ರಸ್ತೆ ಯಾರದ್ದು ಅಂತ ವಿಚಾರಿಸಿ. ಪಾಲಿಕೆಯದ್ದಲ್ಲದೆ ಹೆದ್ದಾರಿಯವರದ್ದೋ ಲೋಕೋಪಯೋಗಿ ಇಲಾಖೆಯದ್ದೋ ಆಗಿದ್ದರೆ ‘ನಮ್ಮದಲ್ಲ’ ಅಂತ ವಾಪಸ್ ಬರುತ್ತೆ. ಅರ್ಜಿ ಜೊತೆ ಬಿಲ್‌ಗಳ ನಕಲು ಇಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹೆಲ್ಮೆಟ್ ಇಲ್ಲದಿದ್ದರೆ, ತ್ರಿಬಲ್ ರೈಡಿಂಗ್ ಇದ್ದರೆ ‘ನಿಮ್ಮದೂ ತಪ್ಪಿದೆ’ ಅನ್ನೋ ವಾದ ಬರುತ್ತೆ. ಒಪ್ಪಿದರೆ ಪರಿಹಾರ ಕಡಿಮೆಯಾಗಬಹುದು.