ಫೈನಲ್ ರೌಂಡ್ ಆದಮೇಲಿನ ಮೌನ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೊನೆಯ ಸುತ್ತಿನ ಸಂದರ್ಶನ ಮುಗಿದಾಗ ಎಚ್‌ಆರ್‌ನವರು ಸಾಮಾನ್ಯವಾಗಿ ಹೇಳುವುದು ಇಷ್ಟೇ: ‘ತಿಳಿಸ್ತೀವಿ.’ ಯಾವಾಗ ಅನ್ನುವುದು ಇರುವುದಿಲ್ಲ. ವಾರ ಕಳೆದರೆ, ಕೆಲಸ ಕೈತಪ್ಪಿತು ಎಂದೇ ಅಭ್ಯರ್ಥಿ ಅಂದುಕೊಳ್ಳುತ್ತಾನೆ. ಒಳಗೆ ನಡೆಯುತ್ತಿರುವುದು ಬೇರೆಯೇ ಇರಬಹುದು. ಸಂದರ್ಶನ ಮಾಡಿದವರೆಲ್ಲ ಅಭಿಪ್ರಾಯ ಬರೆದು ಕೊಟ್ಟಿರುವುದಿಲ್ಲ, ಸಂಬಳದ ಮೊತ್ತಕ್ಕೆ ಫೈನಾನ್ಸ್‌ನವರ ಒಪ್ಪಿಗೆ ಬಂದಿರುವುದಿಲ್ಲ. ಎಷ್ಟೋ ಸಲ ಆಫರ್ ಇನ್ನೊಬ್ಬರಿಗೆ ಹೋಗಿರುತ್ತದೆ. ಅವರು ಹೂಂ ಅನ್ನುತ್ತಾರೋ ಊಹೂಂ ಅನ್ನುತ್ತಾರೋ ಗೊತ್ತಾಗುವವರೆಗೆ ಎರಡನೇ ಆಯ್ಕೆಯವರನ್ನು ಸುಮ್ಮನೆ ಕಾಯಿಸುತ್ತಾರೆ.

ನಿಜವಾದ ಪೇಚು ಈ ಎರಡನೆಯವರದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾರ್ಚ್ 3ಕ್ಕೆ ಕೊನೆಯ ಸುತ್ತು ಆಗಿದೆ. 10ಕ್ಕೆ ಮೊದಲನೆಯವರಿಗೆ ಆಫರ್ ಹೋಗಿದೆ, ಉತ್ತರಕ್ಕೆ ಒಂದು ವಾರದ ಗಡುವು. ಎರಡನೇ ಅಭ್ಯರ್ಥಿಯ ಕೈಯಲ್ಲಿ ಬೇರೊಂದು ಕಂಪನಿಯ ಆಫರ್ ಇದೆ, ಅದಕ್ಕೆ 14ರೊಳಗೆ ಉತ್ತರಿಸಬೇಕು. ಫೋನ್ ಮಾಡಿದರೆ ‘ಪ್ರೋಸೆಸ್‌ನಲ್ಲಿದೆ’ ಎಂಬ ಉತ್ತರ. ಸುಳ್ಳಲ್ಲ, ಆದರೆ ಅದನ್ನು ನಂಬಿ ಆಕೆ ಆ ಕೆಲಸ ಬಿಟ್ಟರೆ ಎರಡೂ ಹೋಗಬಹುದು. ಪ್ರಾಮಾಣಿಕ ಉತ್ತರ ಹೀಗಿರುತ್ತದೆ: ‘ನೀವು ನಮಗೆ ಒಪ್ಪಿಗೆಯಾಗಿದ್ದೀರಿ. ಆದರೆ ಮೊದಲು ಇನ್ನೊಬ್ಬರಿಗೆ ಆಫರ್ ಕೊಟ್ಟಿದ್ದೇವೆ. ಅವರು 17ಕ್ಕೆ ಹೇಳಬೇಕು. 18ರ ಸಂಜೆಯೊಳಗೆ ನಾನೇ ಫೋನ್ ಮಾಡ್ತೀನಿ. ಬೇರೆ ಆಫರ್ ಇದ್ದರೆ ನಮಗೋಸ್ಕರ ಬಿಡಬೇಡಿ.’

ಹೀಗೆ ಹೇಳಿದರೆ ಅಭ್ಯರ್ಥಿ ಕೈಬಿಟ್ಟು ಹೋಗುತ್ತಾರೆ ಎಂಬ ಭಯ ಎಚ್‌ಆರ್‌ನವರಿಗೆ. ಕೆಲವರು ಹೋಗುತ್ತಾರೆ, ನಿಜ. ಆದರೆ ಇಲ್ಲಿ ಅನೇಕ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ. ಆಫರ್ ಒಪ್ಪಿಕೊಂಡವರೂ ಆ ಮೂರು ತಿಂಗಳಲ್ಲಿ ಇನ್ನೂ ಹೆಚ್ಚಿನ ಸಂಬಳ ಸಿಕ್ಕರೆ ಸೇರುವ ದಿನ ಬರುವುದಿಲ್ಲ. ಆಗ ಮತ್ತೆ ಫೋನ್ ಹೋಗುವುದು ಎರಡನೆಯವರಿಗೇ. ಮೊದಲು ಆಟ ಆಡಿಸಿದ್ದರೆ ಆಕೆ ಫೋನ್ ಎತ್ತಬೇಕೇಕೆ?

ದಿನಾಂಕ ಕೊಡುವಾಗ ನಿಧಾನಕ್ಕೆ ಸಹಿ ಹಾಕುವ ಅಧಿಕಾರಿಯನ್ನು ಲೆಕ್ಕಕ್ಕೆ ಹಿಡಿದು ಕೊಡಬೇಕು. ಅದರ ಮೇಲೂ 18ರಂದು ಏನೂ ತೀರ್ಮಾನವಾಗದಿದ್ದರೆ, ಆಗಲಿಲ್ಲ ಎನ್ನುವುದಕ್ಕಾದರೂ ಅವತ್ತೇ ಫೋನ್ ಮಾಡಬೇಕು. ಯಾರ ಒಪ್ಪಿಗೆ ಬಾಕಿ, ಮುಂದಿನ ದಿನಾಂಕ ಯಾವುದು ಎಂದು ಹೇಳಬೇಕು. ನೇಮಕಾತಿಯನ್ನೇ ತಡೆಹಿಡಿದಿದ್ದರೆ ‘ಪ್ರೋಸೆಸ್‌ನಲ್ಲಿದೆ’ ಅನ್ನುವುದು ಮಾತ್ರ ಅನ್ಯಾಯ.

ಅಭ್ಯರ್ಥಿಗೂ ಕೇಳುವ ದಾರಿಯಿದೆ. ‘ಏನಾಯ್ತು?’ ಎಂದರೆ ಹಳೇ ಉತ್ತರವೇ ಬರುತ್ತದೆ. ‘ಈಗ ಯಾರ ಹತ್ತಿರ ಬಾಕಿ ಇದೆ? ನನಗೆ 14ರೊಳಗೆ ಬೇರೆಯವರಿಗೆ ಹೇಳಬೇಕು’ ಎಂದು ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಪೇಸ್ಲಿಪ್, ಫಾರ್ಮ್ 16 ಕೇಳಿದರೆ ಮಾತು ಸಂಬಳದ ಹಂತಕ್ಕೆ ಬಂದಿರಬಹುದು. ಆದರೂ ಆಫರ್ ಲೆಟರ್ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬಾರದು.