ಕಲ್ಲಿನೊಳಗಿನ ಕಾಣದ ಗೆರೆ

ವಂಡ್ಸೆಯ ಸುತ್ತಲಿನದು ಮುರಕಲ್ಲಿನ ನೆಲ. ಈ ಕಲ್ಲು ಹೊರೆಯನ್ನು ಹೊರಬಲ್ಲುದು, ಎಳೆತವನ್ನು ತಾಳಲಾರದು. ಕಲ್ಲುಗಳ ನಡುವಣ ಸುಣ್ಣದ ಗಾರೆಯ ಗುಣವೂ ಅದೇ. ಹೀಗಿರುವಾಗ ಇಂಥ ಕಲ್ಲಿನಿಂದ ಕಟ್ಟಿದ ಹಳೆಯ ಕಮಾನೊಂದು ಭದ್ರವಾಗಿದೆಯೇ ಎಂದು ತಿಳಿಯುವ ಬಗೆ ಹೇಗೆ?

ಇದಕ್ಕೆ ದಾರಿ ತೋರಿದವನು ರಾಬರ್ಟ್ ಹುಕ್. ಎರಡು ತುದಿಗಳಲ್ಲಿ ಹಿಡಿದ ಸರಪಳಿಯು ಇಳಿಬಿದ್ದು ತಳೆಯುವ ಆಕಾರವನ್ನು ತಲೆಕೆಳಗು ಮಾಡಿದರೆ ಕಮಾನಿನ ಆಕಾರ ದೊರೆಯುತ್ತದೆಂದು ಅವನು 1675ರಲ್ಲಿ ಸೂಚಿಸಿದನು. ಸರಪಳಿಯಲ್ಲಿ ಎಳೆತ ಸಾಗುವಂತೆ ಕಮಾನಿನಲ್ಲಿ ಒತ್ತಡ ಸಾಗುತ್ತದೆ. ಅದು ಸಾಗುವ ಹಾದಿಯೇ ಒತ್ತಡದ ಗೆರೆ.

ತೋಡೊಂದನ್ನು ದಾಟುವ ಮುರಕಲ್ಲಿನ ಕಮಾನನ್ನು ಕಲ್ಪಿಸಿಕೊಳ್ಳೋಣ. ಬುಡದಿಂದ ಬುಡಕ್ಕೆ 4 ಮೀಟರು, ನೆತ್ತಿಯವರೆಗೆ ಏರು 1 ಮೀಟರು, ಕಲ್ಲಿನ ಬಳೆಯ ದಪ್ಪ 40 ಸೆಂಟಿಮೀಟರು. ಒಂದು ಮೀಟರು ಅಗಲದ ಪಟ್ಟಿಯನ್ನಷ್ಟೇ ತೆಗೆದುಕೊಂಡರೆ, ಮೇಲಿನ ಮಣ್ಣೂ ಸೇರಿ ಅರ್ಧ ಕಮಾನಿನ ತೂಕ 4 ಟನ್ನು. ಅದರ ಕೇಂದ್ರ ಬುಡದಿಂದ 85 ಸೆಂಟಿಮೀಟರು ಒಳಗಿದೆ ಎನ್ನೋಣ. ಈ ತೂಕ ಅರ್ಧ ಕಮಾನನ್ನು ತೋಡಿನ ಕಡೆಗೆ ಮಗುಚಲು ಯತ್ನಿಸುತ್ತದೆ. ಉಳಿದರ್ಧವು ನೆತ್ತಿಯಲ್ಲಿ ಅಡ್ಡಲಾಗಿ ಒತ್ತಿ ಅದನ್ನು ತಡೆಯುತ್ತದೆ. 4ನ್ನು 0.85ರಿಂದ ಗುಣಿಸಿ ಏರಾದ 1ರಿಂದ ಭಾಗಿಸಿದರೆ ಆ ಒತ್ತು 3.4 ಟನ್ನು.

ಇನ್ನು ಕಮಾನನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ಬರೆದು ಹೋಳುಗಳಾಗಿ ವಿಂಗಡಿಸಬೇಕು. ನೆತ್ತಿಯ 3.4 ಟನ್ನಿನ ಅಡ್ಡ ಬಾಣದಿಂದ ಹೊರಟು, ಒಂದೊಂದು ಹೋಳಿನ ತೂಕವನ್ನು ಅದರ ಕೇಂದ್ರದಲ್ಲಿ ಕೂಡಿಸುತ್ತ ಬಂದರೆ ಗೆರೆಯು ಮೆಲ್ಲಮೆಲ್ಲನೆ ಕೆಳಗೆ ಬಾಗುತ್ತದೆ. ಬುಡಕ್ಕೆ ಬರುವಾಗ ಒತ್ತಡ ಸುಮಾರು 5¼ ಟನ್ನು; ಚದರ ಸೆಂಟಿಮೀಟರಿಗೆ ಸರಾಸರಿ 1.3 ಕಿಲೋ ಮಾತ್ರ. ಒಳ್ಳೆಯ ಮುರಕಲ್ಲಿಗೆ ಇದೊಂದು ಹೊರೆಯೇ ಅಲ್ಲ. ನೋಡಬೇಕಾದುದು ಗೆರೆಯ ಹಾದಿಯನ್ನು.

ಗೆರೆಯು ಬಳೆಯ ನಡುವಣ ಮೂರನೆಯ ಒಂದು ಪಾಲಿನಲ್ಲಿ, ಎಂದರೆ ಸುಮಾರು 13 ಸೆಂಟಿಮೀಟರಿನೊಳಗೆ, ಸಾಗಿದರೆ ಬಿರುಕಿಗೆ ಎಡೆಯಿಲ್ಲ. ಅದರಾಚೆ ಸರಿದಲ್ಲಿ ಎದುರು ಬದಿಯ ಸಂದು ಬಾಯಿಬಿಡುತ್ತದೆ. ಅಂಚನ್ನೇ ಮುಟ್ಟಿದಲ್ಲಿ ಆ ಸಂದು ಬಾಗಿಲ ಕೀಲಿನಂತಾಗುತ್ತದೆ. ಮೂರು ಕೀಲುಗಳಿದ್ದರೂ ಕಮಾನು ನಿಲ್ಲುತ್ತದೆ. ನಾಲ್ಕನೆಯದು ಮೂಡಿದರೆ ಉರುಳುತ್ತದೆ. ಹೊರೆಗಾಡಿಯೊಂದು ನಡುವಿಗಿಂತ ಕಾಲು ಭಾಗದಲ್ಲಿ ನಿಂತಾಗ ಗೆರೆ ಹೆಚ್ಚು ಓರೆಯಾಗುವುದರಿಂದ, ಆ ಸ್ಥಿತಿಗೂ ಬರೆದು ನೋಡಬೇಕು. ಬಳೆಯೊಳಗೆ ಎಳೆಯಬಹುದಾದ ಗೆರೆಗಳು ಹಲವು. ಒಂದಾದರೂ ಪೂರ್ತಿಯಾಗಿ ಒಳಗೆ ನಿಂತರೆ ಕಮಾನು ಸುರಕ್ಷಿತವೆಂಬ ಸೂತ್ರವನ್ನು ಕೇಂಬ್ರಿಜ್ಜಿನ ಜ್ಯಾಕ್ ಹೇಮನ್ 1966ರಲ್ಲಿ ಸ್ಪಷ್ಟಪಡಿಸಿದರು.

ಆದರೆ ಏರು ತಗ್ಗಿದಷ್ಟೂ ಅಡ್ಡ ಒತ್ತು ಬೆಳೆಯುತ್ತದೆ. ನಮ್ಮ ಕಮಾನಿನ ಏರು ಅರ್ಧ ಮೀಟರಾದರೆ, ಅದೇ ತೂಕಕ್ಕೆ ಒತ್ತು 6.8 ಟನ್ನು. ಶ್ರೀರಂಗಪಟ್ಟಣದಲ್ಲಿ 19ನೆಯ ಶತಮಾನದ ಆರಂಭದಲ್ಲಿ ಇಂಜಿನಿಯರ್ ಡಿ ಹ್ಯಾವಿಲೆಂಡ್ ಇಂಥದೇ ತಗ್ಗಾದ ಇಟ್ಟಿಗೆಯ ಕಮಾನನ್ನು 112 ಅಡಿ ಹರವಿಗೆ ಕಟ್ಟಿದ್ದನು. ಮೇಲೆ ನಿಂತು ಕುಣಿದರೆ ಅದು ತೂಗುತ್ತಿತ್ತು. ನೂರು ವರ್ಷಕ್ಕೂ ಮಿಕ್ಕಿ ನಿಂತು, 1930ರ ದಶಕದಲ್ಲಿ ಅದು ಕುಸಿಯಿತು.

ಕಾಗದದ ಗೆರೆ ಎಷ್ಟೇ ಸರಿಯಾಗಿದ್ದರೂ ದಡದ ಗೋಡೆಯ ಅಡಿಪಾಯವನ್ನು ಮಳೆಗಾಲದ ನೀರು ಕೊರೆದಿರುವುದನ್ನು ಅದು ಹೇಳದು. ಗೋಡೆಗಳು ದೂರ ಸರಿದರೆ ನೆತ್ತಿ ತಗ್ಗಿ, ಅದರ ಅಡಿಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಬುಡದ ಬಳಿ ಬಾಯಿಬಿಟ್ಟ ಸಂದುಗಳು ಮಣ್ಣಿನಡಿ ಮರೆಯಾಗಿರುತ್ತವೆ. ಆದುದರಿಂದ ನೆತ್ತಿಯ ಬಿರುಕನ್ನು ಗಾರೆಯಿಂದ ಮುಚ್ಚುವ ಮೊದಲು, ಅದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆಯೇ ಎಂದು ಅಳೆದು, ದಡದ ಗೋಡೆಯ ಬುಡವನ್ನು ಪರೀಕ್ಷಿಸಬೇಕು.